ಡಬ್ಲಿನ್‌ನಿಂದ ವಿರಾಜಪೇಟೆಗೆ: ಡಿಸೆಂಬರ್ ರಜೆಯ ಟಿಕೆಟ್ ಕೊಂಡ ಬಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಆದುದರಿಂದ ಡಬ್ಲಿನ್‌ನಲ್ಲಿ ಓದುವ ನಾನು ಊರಿಗೆ ಟಿಕೆಟ್ ಕೊಳ್ಳುವಾಗ, ವಿಮಾನ ಎಲ್ಲಿ ಇಳಿಯುತ್ತದೆ ಎಂಬುದಕ್ಕಿಂತ ಮುಂದಿನ ರಸ್ತೆ ಪ್ರಯಾಣಕ್ಕೆ ಯಾವ ಹೊತ್ತಿಗೆ ಸಿಗುತ್ತೇನೆ ಎಂಬುದನ್ನೇ ಮೊದಲು ನೋಡುತ್ತೇನೆ. ಇದನ್ನು ಕಲಿತದ್ದು ಮೊದಲ ವರ್ಷದ ತಪ್ಪಿನಿಂದ.

ಆ ವರ್ಷ ಮಂಗಳೂರಿನಲ್ಲಿ ಇಳಿದು ಸಂಪಾಜೆ ಘಟ್ಟ ಹತ್ತಿದರೆ ಮನೆ ಹತ್ತಿರವಾಗುತ್ತದೆ ಎಂದು, ಮುಂಬೈವರೆಗೆ ಒಂದು ಟಿಕೆಟ್, ಅಲ್ಲಿಂದ ಮಂಗಳೂರಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಕೊಂಡಿದ್ದೆ. ನಡುವೆ ಇದ್ದದ್ದು ಮೂರು ಗಂಟೆ ಐವತ್ತು ನಿಮಿಷ. ಮೊದಲ ವಿಮಾನ ಒಂದು ಗಂಟೆ ತಡವಾಯಿತು. ಇಮಿಗ್ರೇಶನ್ ಸಾಲು ಮುಗಿಸಿ, ಬ್ಯಾಗ್ ಪಡೆದು, ಕಸ್ಟಮ್ಸ್ ದಾಟಿ, ದೇಶೀಯ ವಿಮಾನಗಳ ಬೇರೆ ಟರ್ಮಿನಲ್‌ಗೆ ಹೋಗುವಷ್ಟರಲ್ಲಿ ಚೆಕ್‌ಇನ್ ಕೌಂಟರ್ ಮುಚ್ಚಿತ್ತು. ಎರಡೂ ಪ್ರತ್ಯೇಕ ಟಿಕೆಟ್‌ಗಳಾದ್ದರಿಂದ ಯಾವ ಕಂಪನಿಯೂ ಹೊಣೆ ಹೊರಲಿಲ್ಲ; ಹೊಸ ಟಿಕೆಟ್ ಕೊಳ್ಳಬೇಕಾಯಿತು. ಅದಕ್ಕಿಂತ ನೋವಾದದ್ದು ತೂಕದ ವಿಷಯದಲ್ಲಿ. ಡಬ್ಲಿನ್‌ನಿಂದ ತಲಾ 23 ಕಿಲೋದ ಎರಡು ಬ್ಯಾಗ್ ತಂದಿದ್ದ ನನಗೆ ದೇಶೀಯ ಟಿಕೆಟ್‌ನಲ್ಲಿ ಇದ್ದ ಅವಕಾಶ 15 ಕಿಲೋ ಮಾತ್ರ. ಉಳಿದ 31 ಕಿಲೋಗೆ ಕಟ್ಟಿದ ಹಣದಲ್ಲಿ ಉಳಿತಾಯವೆಲ್ಲ ಕರಗಿಹೋಯಿತು.

ಅಂದಿನಿಂದ ಬೆಂಗಳೂರಿನವರೆಗೆ ಒಂದೇ ಟಿಕೆಟ್ ಕೊಳ್ಳುತ್ತೇನೆ. ಕಣ್ಣೂರು ವಿರಾಜಪೇಟೆಗೆ ಎಲ್ಲಕ್ಕಿಂತ ಹತ್ತಿರವಾದರೂ, ಅಲ್ಲಿಗೆ ಕೊಲ್ಲಿಯಿಂದ ಬರುವುದು ಭಾರತೀಯ ಕಂಪನಿಗಳ ವಿಮಾನಗಳು; ನಾನು ಹುಡುಕಿದಾಗಲೆಲ್ಲ ಡಬ್ಲಿನ್‌ನಿಂದ ಮತ್ತೆ ಎರಡು ಪ್ರತ್ಯೇಕ ಟಿಕೆಟ್‌ಗಳೇ ಕಂಡವು. ಹಾಗೆ ಹೋದರೆ ನಡುವೆ ಬ್ಯಾಗ್ ಪಡೆಯಲು ಆ ಕೊಲ್ಲಿ ದೇಶದೊಳಗೆ ಪ್ರವೇಶಿಸಬೇಕು, ಅದಕ್ಕೆ ವೀಸಾ ಬೇಕಾಗಬಹುದು.

ದರದ ವಿಷಯದಲ್ಲಿ ಹೋಗುವ ಮತ್ತು ಬರುವ ದಿನಗಳನ್ನು ಬೇರೆ ಬೇರೆಯಾಗಿ ಸರಿಸಿ ನೋಡಬೇಕು, ಏಕೆಂದರೆ ಎರಡಕ್ಕೂ ಅದರದರ ಸೀಸನ್ ಇರುತ್ತದೆ. ಕಳೆದ ಬಾರಿ ನನ್ನ ಪರೀಕ್ಷೆ ಡಿಸೆಂಬರ್ 19ಕ್ಕೆ ಮುಗಿಯುವುದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ನೋಡಿದಾಗ, 20ಕ್ಕೆ ಹೊರಟು ಜನವರಿ 5ಕ್ಕೆ ಮರಳುವ ಟಿಕೆಟ್ 1,080 ಯೂರೋ ಇತ್ತು. ಕ್ರಿಸ್‌ಮಸ್‌ಗೆ ಮನೆ ಸೇರುವವರೆಲ್ಲ ಹೊರಟ ಮೇಲೆ, ಅಂದರೆ 24ರ ಬೆಳಿಗ್ಗೆ ಹೊರಟು, ಹೊಸ ವರ್ಷದ ನೂಕುನುಗ್ಗಲು ಇಳಿದ ಮೇಲೆ ಜನವರಿ 14ಕ್ಕೆ ಮರಳುವುದಾದರೆ ಅದೇ ಪ್ರಯಾಣ 790 ಯೂರೋಗೆ ಸಿಕ್ಕಿತು. ತರಗತಿ ಶುರುವಾಗುವುದು 19ಕ್ಕೆ, ಅಲ್ಲದೆ ಜನವರಿ ನಮ್ಮ ತೋಟದಲ್ಲಿ ಕಾಫಿ ಕೊಯ್ಲಿನ ಕಾಲ; ತಡವಾಗಿ ಮರಳುವುದು ನನಗೆ ಎರಡು ರೀತಿಯಲ್ಲೂ ಒಳ್ಳೆಯದಾಯಿತು. ಇನ್ನೂ ಒಂದು ದಿನ ಕಾಯೋಣವೆಂದರೆ ಆಗದು: ಡಿಸೆಂಬರ್ 25ರಂದು ಡಬ್ಲಿನ್ ನಿಲ್ದಾಣದಿಂದ ವಿಮಾನಗಳೇ ಇರುವುದಿಲ್ಲ.

ಅದೇ ದಿನಕ್ಕೆ ಕೊಲ್ಲಿಯ ಮೂಲಕ ಮೂರು ಆಯ್ಕೆಗಳಿದ್ದವು. ಕಾಯುವ ಸಮಯ ಕ್ರಮವಾಗಿ ಒಂದು ಗಂಟೆ ಇಪ್ಪತ್ತು ನಿಮಿಷ, ಮೂರು ಗಂಟೆ ಹತ್ತು ನಿಮಿಷ ಮತ್ತು ಹದಿನಾಲ್ಕು ಗಂಟೆ. ಮೊದಲನೆಯದನ್ನು ಕಂಪನಿಯೇ ಒಂದೇ ಟಿಕೆಟ್‌ನಲ್ಲಿ ಮಾರುವುದರಿಂದ, ಅದರ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ಅದರದೇ. ಆದರೆ ಅಷ್ಟು ಹೊತ್ತಿನಲ್ಲಿ ನಾವು ಓಡಿ ವಿಮಾನ ಹತ್ತಿದರೂ ಬ್ಯಾಗ್ ಹಿಂದುಳಿಯಬಹುದು, ಹಾಗೆ ಉಳಿದ ಬ್ಯಾಗ್ ಬೆಂಗಳೂರಿನಿಂದ ವಿರಾಜಪೇಟೆ ತಲುಪಲು ದಿನಗಳೇ ಬೇಕು. ಬೆಲ್ಟ್ ನಿಂತ ಮೇಲೂ ಬ್ಯಾಗ್ ಬರದಿದ್ದರೆ ಹೊರಗೆ ಹೋಗುವ ಮೊದಲೇ ಕಂಪನಿಯ ಕೌಂಟರ್‌ನಲ್ಲಿ ದೂರು ಬರೆಸಿ ಅದರ ಸಂಖ್ಯೆ ಪಡೆಯಬೇಕು. ಹದಿನಾಲ್ಕು ಗಂಟೆಯದು 60 ಯೂರೋ ಅಗ್ಗವಿತ್ತು. ಆದರೆ ಬೆಂಗಳೂರಿಗೆ ಬರುವುದು ಸಂಜೆ ಆರರ ಸುಮಾರಿಗೆ, ಮೈಸೂರು ಸೇರುವಾಗ ರಾತ್ರಿಯಾಗಿ ಅಲ್ಲೊಂದು ಕೋಣೆ ಹಿಡಿಯಬೇಕು. ಮಧ್ಯದ್ದನ್ನು ಆರಿಸಿಕೊಂಡೆ. ಬೆಳಿಗ್ಗೆ ಏಳಕ್ಕೆ ಮುಂಚೆ ಇಳಿದು, ನಿಲ್ದಾಣದಿಂದಲೇ ಮೈಸೂರಿನ ಬಸ್ ಹಿಡಿದು, ಅಲ್ಲಿಂದ ಹುಣಸೂರು, ಗೋಣಿಕೊಪ್ಪ ದಾಟಿ ಹಗಲಿರುವಾಗಲೇ ಮನೆ ಮುಟ್ಟಿದೆ.

ಬ್ಯಾಗ್ ಭಾರವಾಗುವುದು ಮರಳುವಾಗ. ಹಾಗಾಗಿ ಹೋಗುವಾಗ ಒಂದೇ ಬ್ಯಾಗ್ ಇರುವ ಅಗ್ಗದ ದರವನ್ನೂ, ಬರುವಾಗ ಎರಡು ಬ್ಯಾಗ್ ಇರುವ ದರವನ್ನೂ ಬೇರೆ ಬೇರೆಯಾಗಿ ಆರಿಸಲು ಬಿಡುವ ಕಂಪನಿಯನ್ನು ಹುಡುಕುತ್ತೇನೆ. ‘ಇಷ್ಟು ಬ್ಯಾಗ್’ ಎಂಬ ಲೆಕ್ಕವಿದ್ದರೆ ಪ್ರತಿ ಬ್ಯಾಗನ್ನೂ 23 ಕಿಲೋದೊಳಗೆ ತೂಗಿಸಬೇಕು. ಒಂದರಲ್ಲಿ 20, ಇನ್ನೊಂದರಲ್ಲಿ 26 ಇದ್ದರೆ ಒಟ್ಟು ಸರಿಯಿದ್ದರೂ ದಂಡ ಬೀಳುತ್ತದೆ. ಅಮ್ಮ ಕೊಟ್ಟ, ಕೊಡಗಿನ ಅಡುಗೆಯ ಹುಳಿರಸವಾದ ಕಾಚಂಪುಳಿಯನ್ನು ಗಾಜಿನ ಸೀಸೆಯಿಂದ ಸ್ಟೀಲ್ ಬಾಟಲಿಗೆ ಬಗ್ಗಿಸಿ, ಮುಚ್ಚಳದ ಸುತ್ತ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ, ಜೀನ್ಸ್ ಪ್ಯಾಂಟಿನ ಕಾಲೊಳಗೆ ತೂರಿಸಿ ದೊಡ್ಡ ಬ್ಯಾಗಿನ ನಡುವೆ ಇಡುತ್ತೇನೆ, ಏಕೆಂದರೆ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಬಾಟಲಿಯನ್ನು ತಡೆಯುತ್ತಾರೆ. ಕಾಫಿ ಪುಡಿಗೂ ಕಾಳುಮೆಣಸಿಗೂ ಈವರೆಗೆ ತೊಂದರೆಯಾಗಿಲ್ಲ. ಪಂದಿಕರಿಯನ್ನೂ ಮನೆಯ ತುಪ್ಪವನ್ನೂ ಮಾತ್ರ ಊರಿನಲ್ಲೇ ಬಿಟ್ಟು ಬರುತ್ತೇನೆ; ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಐರ್ಲೆಂಡಿಗೆ ತರುವಂತಿಲ್ಲ.