ಕಾರ್ಖಾನೆಯ ವಿಷ ಬಾವಿಗಿಳಿದಾಗ: ಮೊದಲು ತಡೆ ಕೇಳಿ, ಆಮೇಲೆ ಹಣ

ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿಯಲ್ಲಿ 1980ರ ದಶಕದ ಕೊನೆಯಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ‘ಎಚ್-ಆಸಿಡ್’ ತಯಾರಿಕೆ ಆರಂಭವಾಯಿತು. ಬಯಲಿನಲ್ಲೇ ಸುರಿದ ಕೆಸರಿನ ವಿಷ ನೆಲಕ್ಕಿಂಗಿ ಸುತ್ತಲಿನ ಬಾವಿಗಳ ನೀರು ಕಪ್ಪಾಯಿತು. ‘ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು’ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿತು. ಮರುವರ್ಷ 37 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತ ನಿಗದಿಯಾಯಿತು. ಕಂಪನಿಗಳು ಅರ್ಜಿಯ ಮೇಲೆ ಅರ್ಜಿ ಹಾಕಿದವು. 2011ರಲ್ಲಿ ಕೋರ್ಟ್ ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಮತ್ತೆ ಹೇಳಬೇಕಾಯಿತು. ಬಾವಿ ಕೆಟ್ಟ ರೈತನಿಗೆ ಇದು ತೀರಾ ದೀರ್ಘ ಕಾಯುವಿಕೆ. ಆದ್ದರಿಂದ ಹಣಕ್ಕಿಂತ ಮೊದಲು ಮಾಲಿನ್ಯಕ್ಕೆ ತಡೆಯನ್ನು ಕೇಳಿ.

ಮೊದಲ ಹೆಜ್ಜೆ, ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿರುವ ಸಮ್ಮತಿ ಪತ್ರದ ಪ್ರತಿ ಪಡೆಯುವುದು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇದನ್ನು ಕೇಳಬಹುದು. ಯಾವ ಉತ್ಪನ್ನ, ಎಷ್ಟು ತ್ಯಾಜ್ಯನೀರು, ಅದನ್ನು ಎಲ್ಲಿಗೆ ಬಿಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಬಿಛ್ರಿಯಲ್ಲಿ ಅಗತ್ಯ ಅನುಮತಿಗಳಿಲ್ಲದೆಯೇ ತಯಾರಿಕೆ ನಡೆದಿತ್ತು.

ಎರಡನೆಯದು ನೀರಿನ ಮಾದರಿ. ಇಲ್ಲಿಯೇ ಹೆಚ್ಚಿನ ಪ್ರಕರಣಗಳು ಸೋಲುವ ಅಪಾಯವಿದೆ. ನೀವೇ ಬಾಟಲಿಯಲ್ಲಿ ತುಂಬಿ ಪರೀಕ್ಷೆ ಮಾಡಿಸಿದ ವರದಿ ದೂರಿಗೆ ಬಲ ಕೊಡುತ್ತದೆ, ಆದರೆ ಕಾರ್ಖಾನೆಯ ತ್ಯಾಜ್ಯನೀರಿನ ವಿಷಯದಲ್ಲಿ ಅದು ಸಾಲದು. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಂಡಳಿಯ ಅಧಿಕಾರಿಯೇ ಮಾಲೀಕರಿಗೆ ಸ್ಥಳದಲ್ಲಿ ನೋಟಿಸ್ ಕೊಟ್ಟು, ಮಾದರಿಗೆ ಮೊಹರು ಹಾಕಿ, ಸಹಿ ಪಡೆಯಬೇಕು. ಈ ಕ್ರಮ ತಪ್ಪಿದರೆ ವರದಿಯನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಅಧಿಕಾರಿ ಬಂದಾಗ ನೀವು ಅಲ್ಲಿರಿ. ದಿನಾಂಕ, ಜಾಗ ಬರೆದಿಟ್ಟುಕೊಳ್ಳಿ.

ಮೂರನೆಯದು ತಡೆಯ ಬೇಡಿಕೆ. ‘ಈ ಕಾರ್ಖಾನೆಯಿಂದಲೇ ಹಾನಿ ಎಂಬುದಕ್ಕೆ ವೈಜ್ಞಾನಿಕ ಖಚಿತತೆ ಇಲ್ಲ’ ಎಂಬ ಉತ್ತರ ಬರಬಹುದು. ಮುನ್ನೆಚ್ಚರಿಕೆ ತತ್ವ ಇದನ್ನೇ ತಳ್ಳಿಹಾಕುತ್ತದೆ. ಪಾಲಾರ್ ನದಿಯನ್ನು ಕೆಡಿಸಿದ ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಹೀಗೆಂದಿತು: ಗಂಭೀರ ಅಥವಾ ಸರಿಪಡಿಸಲಾಗದ ಹಾನಿಯ ಭೀತಿ ಇದ್ದಾಗ ಖಚಿತತೆಯ ಕೊರತೆ ನೆಪವಾಗಬಾರದು, ತನ್ನ ಕೆಲಸ ಪರಿಸರಕ್ಕೆ ನಿರುಪದ್ರವಿ ಎಂದು ತೋರಿಸುವ ಹೊಣೆ ಉದ್ಯಮಿಯದು. ಇದನ್ನು ಉಲ್ಲೇಖಿಸಿ, ಜಲ ಕಾಯ್ದೆಯ 33ಎ ಕಲಮಿನಡಿ ಘಟಕ ಮುಚ್ಚಲು ಅಥವಾ ವಿದ್ಯುತ್ ಕಡಿತಕ್ಕೆ ಮಂಡಳಿಯನ್ನು ಕೇಳಿ. ಆದರೆ ಬರಿಯ ಆತಂಕ ಸಾಲದು. ಬಾವಿ ಯಾವಾಗ ಕೆಟ್ಟಿತು, ನಾಲೆ ಯಾವ ಕಡೆಗೆ ಹರಿಯುತ್ತದೆ ಎಂಬ ಆಧಾರ ಬೇಕು.

ಕೊನೆಗೆ ಲೆಕ್ಕ. ಬೆಳೆ ನಷ್ಟ, ಟ್ಯಾಂಕರ್ ನೀರಿನ ಖರ್ಚು, ಚಿಕಿತ್ಸೆಯ ರಸೀದಿಗಳ ಜತೆಗೆ ಮಣ್ಣು, ಅಂತರ್ಜಲ ಶುದ್ಧೀಕರಣದ ವೆಚ್ಚವನ್ನು ಬೇರೆಯಾಗಿ ಕೇಳಿ. ಮಾಲಿನ್ಯದ ಬೆಲೆಯಲ್ಲಿ ಇವೆರಡೂ ಸೇರುತ್ತವೆ ಎಂದು ಕೋರ್ಟ್ ಹೇಳಿದೆ. ಮುನ್ನೆಚ್ಚರಿಕೆ ಮತ್ತು ‘ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕು’ ಎಂಬ ಎರಡೂ ತತ್ವಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅನ್ವಯಿಸಲೇಬೇಕು. ಕರ್ನಾಟಕದವರು ಚೆನ್ನೈ ಪೀಠಕ್ಕೆ ಹೋಗಬೇಕು. ಗಡುವು ಬೇರೆ ಬೇರೆ: ಪರಿಹಾರ ಮತ್ತು ಪುನಃಸ್ಥಾಪನೆಗೆ ಐದು ವರ್ಷ, ಇತರ ಪರಿಸರ ವಿವಾದಗಳಿಗೆ ಆರೇ ತಿಂಗಳು. ಸಕಾರಣವಿದ್ದರೆ ಎರಡಕ್ಕೂ ಮೇಲೆ 60 ದಿನ ಸಿಗಬಹುದು.