ತನಿಖೆ ಶುರುವಾದ ದಿನವೇ ಟೀಮ್ಸ್ ಚಾಟ್‌ಗೆ ಲೀಗಲ್ ಹೋಲ್ಡ್ ಹಾಕಿ
ಮೈಕ್ರೋಸಾಫ್ಟ್ ಟೀಮ್ಸ್ ನೋಡಿಕೊಳ್ಳುವ ಐಟಿ ಮತ್ತು ಎಚ್‌ಆರ್ ಮಿತ್ರರಿಗೆ ಒಂದು ಮಾತು. ನಮ್ಮಲ್ಲಿ ಸಂದೇಶಗಳನ್ನು ಇಂತಿಷ್ಟು ದಿನ ಇಡುವ ರಿಟೆನ್ಷನ್ ನೀತಿ ಇದೆಯಲ್ಲ, ತನಿಖೆಗೆ ಅದೇ ಸಾಕು ಎಂದು ದಯವಿಟ್ಟು ಕೂರಬೇಡಿ. ರಿಟೆನ್ಷನ್ ನಡೆಯುವುದು ಕ್ಯಾಲೆಂಡರ್ ನೋಡಿಕೊಂಡು. ಅವಧಿ ಮುಗಿದರೆ ಅಳಿಸುವಂತೆ ಹೊಂದಿಸಿದ್ದರೆ ಆ ನೀತಿಯ ವ್ಯಾಪ್ತಿಯಲ್ಲಿರುವ ಎಲ್ಲರ ಸಂದೇಶವನ್ನೂ ಅಳಿಸುತ್ತದೆ. ಹೋಲ್ಡ್ ಹಾಕುವುದು ನಿರ್ದಿಷ್ಟ ವ್ಯಕ್ತಿಗಳ ಮೇಲೆ. ಅದನ್ನು ತೆಗೆಯುವವರೆಗೆ ಅವರ ಸಂದೇಶಗಳು ಪೂರ್ತಿ ಅಳಿದುಹೋಗುವುದು ನಿಲ್ಲುತ್ತದೆ.

ಉದಾಹರಣೆಗೆ, 90 ದಿನಕ್ಕೆ ಅಳಿಸುವ ನೀತಿ ಇದೆ ಎನ್ನಿ. ಮಾರ್ಚ್ 15ರ ಸಂದೇಶದ ಅವಧಿ ಜೂನ್ 13ಕ್ಕೆ ಮುಗಿಯುತ್ತದೆ. ದೂರು ಜೂನ್ 10ಕ್ಕೆ ಬಂದರೆ ಅಂದೇ ಮೈಕ್ರೋಸಾಫ್ಟ್‌ನ Purview ಪೋರ್ಟಲ್ ಒಳಗಿನ, ತನಿಖೆಗೆ ಬೇಕಾದ ಮಾಹಿತಿ ಹುಡುಕಿ ಕಾಯ್ದಿಡುವ eDiscovery ಯಲ್ಲಿ ಹೋಲ್ಡ್ ಹಾಕಿ, ಏಕೆಂದರೆ ಅದು ಜಾರಿಗೆ ಬರಲು 24 ಗಂಟೆಯವರೆಗೆ ಹಿಡಿಯಬಹುದು. ಪೂರ್ತಿ ಅಳಿದುಹೋದದ್ದನ್ನು ಹೋಲ್ಡ್ ಮರಳಿ ತರುವುದಿಲ್ಲ.

ಹೋಲ್ಡ್ ಇದ್ದರೂ ಉದ್ಯೋಗಿ ತನ್ನ ಸಂದೇಶವನ್ನು ಅಳಿಸಬಲ್ಲ, ಪರದೆಯಿಂದ ಅದು ಮಾಯವೂ ಆಗುತ್ತದೆ. ಗಾಬರಿ ಬೇಡ. ಪ್ರತಿ ಅವನ ಮೇಲ್‌ಬಾಕ್ಸ್‌ನ ಗುಪ್ತ ಫೋಲ್ಡರ್‌ನಲ್ಲಿ ಉಳಿದಿರುತ್ತದೆ, eDiscovery ಹುಡುಕಾಟದಲ್ಲಿ ಸಿಗುತ್ತದೆ.

ಹೆಚ್ಚಿನವರು ಎಡವುವುದು ಜಾಗದ ವಿಷಯದಲ್ಲಿ. ಉದ್ಯೋಗಿಯ ಮೇಲ್‌ಬಾಕ್ಸ್ ಮೇಲಿನ ಹೋಲ್ಡ್ ಖಾಸಗಿ ಮತ್ತು ಗುಂಪು ಚಾಟ್‌ಗಳನ್ನು ಹಿಡಿಯುತ್ತದೆ. ಆದರೆ ಸಾಮಾನ್ಯ ಚಾನೆಲ್‌ನ ಮಾತುಕತೆ ಇರುವುದು ಆ ತಂಡದ ಗ್ರೂಪ್ ಮೇಲ್‌ಬಾಕ್ಸ್‌ನಲ್ಲಿ. ಚಾಟ್‌ನಲ್ಲಿ ಕಳಿಸಿದ ಕಡತ ಕಳಿಸಿದವರ ಒನ್‌ಡ್ರೈವ್‌ನಲ್ಲಿ, ಚಾನೆಲ್‌ನದ್ದು ಶೇರ್‌ಪಾಯಿಂಟ್‌ನಲ್ಲಿ. ಇವನ್ನೆಲ್ಲ ಬೇರೆಬೇರೆಯಾಗಿ ಸೇರಿಸಲೇಬೇಕು. ಇಲ್ಲವಾದರೆ “ಈ ಪಟ್ಟಿ ನೋಡಿ” ಎಂಬ ಸಂದೇಶ ಕೈಗೆ ಸಿಗುತ್ತದೆ, ಪಟ್ಟಿ ಮಾತ್ರ ಇರುವುದಿಲ್ಲ.