ಮೊಬೈಲ್ ಬಳಕೆದಾರರಿಗೆ ಐಪಿ ವಿಳಾಸದ ಬೀಗ ಏಕೆ ಹೊಂದುವುದಿಲ್ಲ, ಅದರ ಬದಲು ಏನು ಮಾಡಬೇಕು?

ಒಂದು ಸಗಟು ಔಷಧ ಮಳಿಗೆಯ ದಾಸ್ತಾನು ಲೆಕ್ಕ ಬಾಡಿಗೆ ಸರ್ವರ್‌ನಲ್ಲಿದ್ದು, ಊರೂರು ಸುತ್ತುವ ಮಾರಾಟ ಪ್ರತಿನಿಧಿಗಳು ಅದನ್ನು ಫೋನಿನಲ್ಲೇ ತೆರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಹೊರಗಿನವರು ನುಗ್ಗದಿರಲೆಂದು ಸರ್ವರ್ ನೋಡಿಕೊಳ್ಳುವವರು ಪ್ರತಿನಿಧಿಯ ಫೋನಿನ ಐಪಿ ವಿಳಾಸವನ್ನು ಕೇಳಿ ಪಡೆದು, ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ಹೀಗೆ ಬರೆಯುತ್ತಾರೆ:

```
allow 203.0.113.45;
deny all;
```

ಬೆಳಿಗ್ಗೆ ಪುಟ ಚೆನ್ನಾಗಿ ತೆರೆಯುತ್ತದೆ. ಮಧ್ಯಾಹ್ನ ಅದೇ ಫೋನಿಗೆ 403 ದೋಷ ಬರುತ್ತದೆ. ಸರ್ವರ್‌ನ ದೋಷ ಲಾಗ್‌ನಲ್ಲಿ `access forbidden by rule` ಎಂಬ ಸಾಲಿನ ಮುಂದೆ `client: 203.0.113.112` ಎಂದು ಕಂಡರೆ, ಫೋನು ಅದೇ ಆದರೂ ವಿಳಾಸ ಬದಲಾಗಿದೆ ಎಂದೇ ಅರ್ಥ.

ಹಳೆಯ ಮಾದರಿಯ, ಅಂದರೆ ಐಪಿವಿ4 ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ, ಮತ್ತು ಕೇಂದ್ರ ಸಂಗ್ರಹದಲ್ಲಿ ಉಳಿದಿದ್ದ ಕೊನೆಯ ಕಂತುಗಳು 2011ರ ಫೆಬ್ರುವರಿಯಲ್ಲೇ ಹಂಚಿಹೋದವು. ಹಾಗಾಗಿ ಮೊಬೈಲ್ ಕಂಪನಿಯು ಫೋನಿಗೆ ತನ್ನ ಜಾಲದೊಳಗೆ ಮಾತ್ರ ನಡೆಯುವ ಒಂದು ವಿಳಾಸ ಕೊಟ್ಟು, ಹೊರಗೆ ಹೋಗುವಾಗ ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತದೆ. ನಮ್ಮ ಸರ್ವರ್‌ಗೆ ಕಾಣುವುದು ಆ ಹಂಚಿಕೆಯ ವಿಳಾಸವೇ ಹೊರತು ಫೋನಿನದಲ್ಲ. ಫೋನು ಸಂಪರ್ಕ ಕಡಿದುಕೊಂಡು ಮತ್ತೆ ಜಾಲಕ್ಕೆ ಸೇರಿದಾಗ ಅದಕ್ಕೆ ಬೇರೆ ವಿಳಾಸ ಸಿಗಬಹುದು. ಬಿಟ್ಟುಬಂದದ್ದು ಇನ್ಯಾರಿಗೋ ಹೋಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಮೊದಲು ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನಿಮ್ಮ ಸರ್ವರ್‌ನ ಪುಟ ತೆರೆದು ಲಾಗ್‌ನಲ್ಲಿ ಬಿದ್ದ ವಿಳಾಸವನ್ನು ಬರೆದಿಟ್ಟುಕೊಳ್ಳಿ. ನಂತರ ಏರ್‌ಪ್ಲೇನ್ ಮೋಡ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಮತ್ತೆ ಪುಟ ತೆರೆಯಿರಿ. ಒಂದೆರಡು ಸಲದಲ್ಲಿ ಬದಲಾವಣೆ ಕಾಣದಿದ್ದರೆ ಅದನ್ನು ಸ್ಥಿರ ವಿಳಾಸವೆಂದು ತಿಳಿಯಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ವಿಳಾಸವು 10ರಿಂದ, ಅಥವಾ 100.64ರಿಂದ 100.127ರವರೆಗಿನ ಅಂಕೆಗಳಿಂದ ಶುರುವಾಗುತ್ತಿದ್ದರೆ ನೀವು ಹಂಚಿಕೆಯ ವಿಳಾಸದ ಹಿಂದಿದ್ದೀರಿ. ಈ ಒಳವಿಳಾಸವನ್ನು ಪಟ್ಟಿಗೆ ಸೇರಿಸಿದರೂ ಉಪಯೋಗವಿಲ್ಲ, ಏಕೆಂದರೆ ಅದು ಸರ್ವರ್‌ವರೆಗೆ ಬರುವುದೇ ಇಲ್ಲ.

ವಿಳಾಸ ಬದಲಾದಾಗಲೆಲ್ಲ ಹೊಸದನ್ನು ಸೇರಿಸುತ್ತ ಹೋದರೆ ಪಟ್ಟಿ ಬೆಳೆಯುತ್ತದೆ. ಹಳೆಯ ಪ್ರತಿಯೊಂದು ಸಾಲೂ ಯಾರೋ ಅಪರಿಚಿತರಿಗೆ ತೆರೆದ ಬಾಗಿಲಾಗಿ ಉಳಿಯುತ್ತದೆ. ಬೇಸತ್ತು ಕಂಪನಿಯ ಇಡೀ ವಿಳಾಸ ಶ್ರೇಣಿಯನ್ನೇ ಬಿಟ್ಟುಕೊಂಡರೆ ಅದರ ಲೆಕ್ಕವಿಲ್ಲದಷ್ಟು ಗ್ರಾಹಕರೂ ಒಳಬರಬಹುದು. ನನ್ನ ದೃಷ್ಟಿಯಲ್ಲಿ ಪ್ರತಿನಿಧಿಗೆ ಬಾಗಿಲು ಮುಚ್ಚುವುದಕ್ಕಿಂತ ಇದು ದೊಡ್ಡ ಅಪಾಯ, ಏಕೆಂದರೆ ಮೊದಲನೆಯದಕ್ಕೆ ಕೂಡಲೇ ದೂರು ಬರುತ್ತದೆ, ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ಐಪಿವಿ6ನಲ್ಲಿ ಹಂಚಿಕೆಯ ತೊಂದರೆ ಇಲ್ಲವಾದರೂ ಫೋನಿನ ವಿಳಾಸದ ಕೊನೆಯ ಅರ್ಧವನ್ನು ಖಾಸಗಿತನಕ್ಕಾಗಿ ಫೋನೇ ಬದಲಿಸುತ್ತಿರುತ್ತದೆ, ಮೊದಲ ಅರ್ಧವೂ ಮರುಸಂಪರ್ಕದಲ್ಲಿ ಬದಲಾಗಬಹುದು.

ಆದ್ದರಿಂದ ಗುರುತನ್ನು ವಿಳಾಸಕ್ಕೆ ಕಟ್ಟದೆ ಕೀಲಿಗೆ ಕಟ್ಟಬೇಕು. ವೈರ್‌ಗಾರ್ಡ್ ಎಂಬ ಉಚಿತ ವಿಪಿಎನ್, ಅಂದರೆ ಫೋನು ಮತ್ತು ಸರ್ವರ್ ನಡುವೆ ಗುಪ್ತ ಖಾಸಗಿ ದಾರಿ ಹಾಕುವ ತಂತ್ರಾಂಶ, ಇದಕ್ಕೆ ಸಾಕು. ಅದನ್ನು ಸರ್ವರ್‌ನಲ್ಲೂ ಪ್ರತಿ ಫೋನಿನಲ್ಲೂ ಹಾಕಿ, ಸರ್ವರ್‌ಗೆ 10.8.0.1 ಎಂಬ ಒಳವಿಳಾಸ ಕೊಟ್ಟು, ಪ್ರತಿ ಫೋನಿನ ಸಾರ್ವಜನಿಕ ಕೀಲಿಯನ್ನು ಪ್ರತ್ಯೇಕ ಒಳವಿಳಾಸದೊಂದಿಗೆ ಸರ್ವರ್‌ನಲ್ಲಿ ನಮೂದಿಸಿ:

```
[Peer]
PublicKey = <ಫೋನಿನ ಕೀಲಿ>
AllowedIPs = 10.8.0.2/32
```

ಫೋನಿನ ಕಡೆ `AllowedIPs = 10.8.0.1/32` ಮತ್ತು `PersistentKeepalive = 25` ಇರಲಿ; ಎರಡನೆಯದು 25 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸಿ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಸರ್ವರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ 51820 ಪೋರ್ಟನ್ನು ಎಲ್ಲರಿಗೂ ತೆರೆಯಬಹುದು, ಏಕೆಂದರೆ ಸರಿಯಾದ ಕೀಲಿಯಿಲ್ಲದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರಿಸುವುದೇ ಇಲ್ಲ. ಹೊರಗಿನ ವಿಳಾಸ ಬದಲಾದರೂ, ಕೀಲಿಯಿಂದ ದೃಢಪಟ್ಟ ಪ್ಯಾಕೆಟ್ ಕೊನೆಯದಾಗಿ ಎಲ್ಲಿಂದ ಬಂತೋ ಅಲ್ಲಿಗೇ ಸರ್ವರ್ ಉತ್ತರ ಕಳಿಸುತ್ತದೆ. ಕೊನೆಯಲ್ಲಿ ಎನ್‌ಜಿನ್‌ಎಕ್ಸ್‌ನ ಹಳೆಯ ಸಾಲುಗಳನ್ನೆಲ್ಲ ಅಳಿಸಿ ಹೀಗೆ ಬರೆಯಿರಿ:

```
allow 10.8.0.0/24;
deny all;
```

ಇಷ್ಟಾದ ಮೇಲೂ 403 ಬಂದರೆ, ಫೋನಿನಲ್ಲಿ ಸರ್ವರ್‌ನ ಹೊರಗಿನ ಹೆಸರನ್ನೇ ತೆರೆಯುತ್ತಿರುವ ಸಾಧ್ಯತೆ ಹೆಚ್ಚು, 10.8.0.1 ತೆರೆದು ನೋಡಿ. ಪುಟವೇ ಬಾರದಿದ್ದರೆ ಸರ್ವರ್‌ನಲ್ಲಿ `wg show` ಕೊಡಿ. ಆ ಫೋನಿನ ಕೀಲಿಯ ಕೆಳಗೆ `latest handshake` ಸಾಲು ಇಲ್ಲವೆಂದರೆ ಕೀಲಿ ತಪ್ಪಿದೆ ಅಥವಾ ಪೋರ್ಟ್ ಮುಚ್ಚಿದೆ. ಫೋನು ಕಳೆದುಹೋದರೆ ಅದರ `[Peer]` ಭಾಗವನ್ನಷ್ಟೇ ತೆಗೆದು ವೈರ್‌ಗಾರ್ಡನ್ನು ಮತ್ತೆ ಶುರು ಮಾಡಬೇಕು. ಉಳಿದವರ ಕೀಲಿಗಳನ್ನು ಬದಲಿಸಬೇಕಿಲ್ಲ. ಆದರೆ ಕೀಲಿ ಗುರುತಿಸುವುದು ಫೋನನ್ನೇ ಹೊರತು ಅದನ್ನು ಹಿಡಿದವರನ್ನಲ್ಲ, ಹಾಗಾಗಿ ದಾಸ್ತಾನು ಪುಟದ ಪಾಸ್‌ವರ್ಡನ್ನು ಮಾತ್ರ ತೆಗೆಯಬೇಡಿ.